ಗೊತ್ತಿದ್ದೂ ತಪ್ಪುವ ಪ್ರಶ್ನೆಗಳು

ಮೊದಲು ಒಂದು ಪ್ರಶ್ನೆ. ಪರೀಕ್ಷಾ ಕೊಠಡಿಯಲ್ಲಿ ಕೂತಿದ್ದೀರಿ, ಇನ್ನೂ ಅರವತ್ತು ಪ್ರಶ್ನೆ ಬಾಕಿ ಇವೆ ಎಂದುಕೊಂಡು ಓದಿ.

‘ಕೆಳಗಿನವರಲ್ಲಿ ಜ್ಞಾನಪೀಠ ಪ್ರಶಸ್ತಿಗೆ ಪಾತ್ರರಾಗದ ಕನ್ನಡ ಸಾಹಿತಿ ಯಾರು? (1) ಕುವೆಂಪು (2) ದ.ರಾ. ಬೇಂದ್ರೆ (3) ಪು.ತಿ. ನರಸಿಂಹಾಚಾರ್ (4) ಶಿವರಾಮ ಕಾರಂತ.’

ಲೇಖನದೊಳಗೆ ಓದುವಾಗ ಇದು ಸುಲಭದ ಪ್ರಶ್ನೆ. ಕುವೆಂಪು ಅವರಿಗೆ 1967ನೇ ಸಾಲಿನ, ಬೇಂದ್ರೆಯವರಿಗೆ 1973ರ, ಕಾರಂತರಿಗೆ 1977ರ ಜ್ಞಾನಪೀಠ ಸಂದಿದೆ. ಪು.ತಿ.ನ. ಅವರಿಗೆ ಸಿಕ್ಕಿಲ್ಲ. ಉತ್ತರ ಮೂರನೆಯದು. ಆದರೆ ಇದೇ ಪ್ರಶ್ನೆ ಪ್ರಶ್ನೆಪತ್ರಿಕೆಯ ಏಳನೇ ಪುಟದಲ್ಲಿ, ಸಾಲಾಗಿ ಹತ್ತು ‘ಸರಿಯಾದುದು ಯಾವುದು’ ಪ್ರಶ್ನೆಗಳ ಬೆನ್ನಿಗೆ ಬಂದರೆ ಕಥೆ ಬೇರೆ. ‘ಜ್ಞಾನಪೀಠ’, ‘ಕನ್ನಡ ಸಾಹಿತಿ’, ‘ಯಾರು’ ಎಂಬ ಮೂರು ಮಾತು ಕಣ್ಣಿಗೆ ಬೀಳುತ್ತವೆ. ಮೊದಲ ಆಯ್ಕೆ ಕುವೆಂಪು. ಅವರಿಗೆ ಬಂದದ್ದು ಗೊತ್ತೇ ಇದೆ. ಪೆನ್ನು ಒಂದನೇ ವೃತ್ತವನ್ನು ತುಂಬಿಯೇ ಬಿಡುತ್ತದೆ.

ಇಲ್ಲಿ ಎಡವಿದವನು ವಿಷಯ ಗೊತ್ತಿಲ್ಲದವನಲ್ಲ. ನಾಲ್ವರಲ್ಲಿ ಯಾರಿಗೆ ಪ್ರಶಸ್ತಿ ಬಂದಿದೆ ಎಂಬುದೇ ಗೊತ್ತಿಲ್ಲದವನು ಪ್ರಶ್ನೆಯನ್ನು ಇನ್ನೊಮ್ಮೆ ಓದುತ್ತಾನೆ, ನಾಲ್ಕೂ ಹೆಸರನ್ನು ತೂಗಿ ನೋಡುತ್ತಾನೆ. ಚೆನ್ನಾಗಿ ಓದಿಕೊಂಡು ಬಂದವನಿಗೆ ಕುವೆಂಪು ಹೆಸರು ಕಂಡ ಕೂಡಲೇ ‘ಹೌದು’ ಎನ್ನಿಸುತ್ತದೆ. ಆ ‘ಹೌದು’ ಎಂಬ ಖಚಿತತೆಯೇ ಅವನನ್ನು ತಪ್ಪು ದಾರಿಗೆ ಎಳೆಯುತ್ತದೆ. ‘ಅಲ್ಲ’, ‘ಇಲ್ಲ’, ‘ಹೊರತುಪಡಿಸಿ’ ಎನ್ನುವ ಪ್ರಶ್ನೆಗಳ ವಿಶೇಷ ಇದು: ಅವು ಅಂಕ ಕಸಿಯುವುದು ಬಹಳ ಸಲ ಗೊತ್ತಿರುವವರಿಂದಲೇ.

ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ. ನಾಲ್ಕು ಆಯ್ಕೆಯ ಸಾಮಾನ್ಯ ಪ್ರಶ್ನೆಯಲ್ಲಿ ಒಂದು ಸರಿ, ಮೂರು ತಪ್ಪು. ಮನಸ್ಸು ಸರಿಯಾದದ್ದನ್ನು ಹುಡುಕುತ್ತದೆ, ಸಿಕ್ಕಿದೊಡನೆ ಹುಡುಕಾಟ ನಿಲ್ಲಿಸುತ್ತದೆ. ನಿಷೇಧದ ಪ್ರಶ್ನೆಯಲ್ಲಿ ಮೂರು ಸರಿ, ಒಂದು ತಪ್ಪು. ‘ಸರಿ ಸಿಕ್ಕಿದರೆ ನಿಲ್ಲು’ ಎಂಬ ಅದೇ ಅಭ್ಯಾಸದಲ್ಲಿ ಓದಿದರೆ ಮೊದಲ ಆಯ್ಕೆಯಲ್ಲೇ ನಿಲ್ಲುವ ಸಂಭವ ನಾಲ್ಕರಲ್ಲಿ ಮೂರು ಪಾಲು. ಆ ತಪ್ಪು ಓದಿಗೆ ಹೊಂದುವ ‘ಉತ್ತರ’ ಒಂದಲ್ಲ, ಮೂರು ಇವೆ. ಅಕ್ಕಿ ಆರಿಸುವವರು ಹುಡುಕುವುದು ಕಲ್ಲನ್ನು. ಈ ಅಭ್ಯರ್ಥಿ ಕೈಗೆ ಸಿಕ್ಕಿದ ಮೊದಲ ಅಕ್ಕಿಕಾಳನ್ನೇ ಕಲ್ಲೆಂದು ತೆಗೆದಿಟ್ಟಿರುತ್ತಾನೆ.

ಮನಸ್ಸಿಗೆ ‘ಇಲ್ಲ’ ತಡವಾಗಿ ತಲುಪುತ್ತದೆ

ನಿಷೇಧದ ವಾಕ್ಯವನ್ನು ಅರ್ಥಮಾಡಿಕೊಳ್ಳಲು ಹೆಚ್ಚು ಹೊತ್ತು ಬೇಕು ಎಂಬುದನ್ನು ಮನೋವಿಜ್ಞಾನಿಗಳು ಐವತ್ತು ವರ್ಷಗಳ ಹಿಂದೆಯೇ ಅಳೆದು ನೋಡಿದ್ದಾರೆ. ಅಮೆರಿಕದ ಹರ್ಬರ್ಟ್ ಕ್ಲಾರ್ಕ್ ಮತ್ತು ವಿಲಿಯಂ ಚೇಸ್ 1972ರಲ್ಲಿ ಪ್ರಕಟಿಸಿದ ಪ್ರಯೋಗ ತುಂಬ ಸರಳ. ಒಂದು ನಕ್ಷತ್ರ, ಒಂದು ಕೂಡಿಸುವ ಚಿಹ್ನೆ, ಒಂದರ ಮೇಲೊಂದು ಇರುವ ಚಿತ್ರ. ಪಕ್ಕದಲ್ಲಿ ಒಂದು ವಾಕ್ಯ: ‘ನಕ್ಷತ್ರ ಚಿಹ್ನೆಯ ಮೇಲಿದೆ’ ಅಥವಾ ‘ನಕ್ಷತ್ರ ಚಿಹ್ನೆಯ ಮೇಲಿಲ್ಲ’. ವಾಕ್ಯ ಚಿತ್ರಕ್ಕೆ ಹೊಂದುತ್ತದೆಯೇ ಇಲ್ಲವೇ ಎಂದು ಹೇಳಬೇಕು, ಅಷ್ಟೆ. ‘ಇದೆ’ ಎನ್ನುವ ವಾಕ್ಯಕ್ಕೆ ತಗುಲಿದ್ದಕ್ಕಿಂತ ‘ಇಲ್ಲ’ ಎನ್ನುವ ವಾಕ್ಯಕ್ಕೆ ಅರ್ಧ ಸೆಕೆಂಡಿಗೂ ಹೆಚ್ಚು ಸಮಯ ತಗುಲಿತು. ಪುಟ್ಟ ಚಿತ್ರ, ಪುಟ್ಟ ವಾಕ್ಯ, ಬೇರೆ ಯಾವ ಒತ್ತಡವೂ ಇಲ್ಲದ ಕಡೆಯೇ ಹೀಗೆ.

ಈ ತಡ ಯಾಕೆ ಎಂಬುದಕ್ಕೆ ಬಾರ್ಬರಾ ಕೌಪ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಒಂದು ಸುಳಿವು ಸಿಗುತ್ತದೆ. ‘ಬಾಗಿಲು ತೆರೆದಿಲ್ಲ’ ಎಂಬಂಥ ವಾಕ್ಯ ಓದಿಸಿ, ಸ್ವಲ್ಪ ಬಿಟ್ಟು ಒಂದು ಚಿತ್ರ ತೋರಿಸಿದರು. ತೆರೆದಿಲ್ಲ ಎಂದರೆ ಮುಚ್ಚಿದೆ ಎಂದೇ ಅಲ್ಲವೇ? ಹಾಗಾಗಿ ಮುಚ್ಚಿದ ಬಾಗಿಲಿನ ಚಿತ್ರವನ್ನು ಓದುಗರು ಬೇಗ ಗುರುತಿಸಬೇಕಿತ್ತು. ವಾಕ್ಯ ಓದಿ ಒಂದೂವರೆ ಸೆಕೆಂಡು ಕಳೆದ ಮೇಲೆ ಚಿತ್ರ ತೋರಿಸಿದಾಗ ಹಾಗೆಯೇ ಆಯಿತು. ಮುಕ್ಕಾಲು ಸೆಕೆಂಡಿಗೆ ತೋರಿಸಿದಾಗ ಆ ಚುರುಕು ಕಾಣಲಿಲ್ಲ. ‘ತೆರೆದಿಲ್ಲ’ ಎಂದು ಓದಿದಾಗ ಮನಸ್ಸು ನೇರವಾಗಿ ಮುಚ್ಚಿದ ಬಾಗಿಲಿಗೆ ಹೋಗುವುದಿಲ್ಲ, ಅಲ್ಲಿಗೆ ತಲುಪಲು ಕೊಂಚ ಹೊತ್ತು ಬೇಕು ಎಂಬುದು ಇದರ ಇಂಗಿತ.

ಇದನ್ನು ಪರೀಕ್ಷೆಯ ಸಮಯದ ಪಕ್ಕದಲ್ಲಿಟ್ಟು ನೋಡಿ. ಸಿಇಟಿಯಲ್ಲಿ ಒಂದು ವಿಷಯಕ್ಕೆ 80 ನಿಮಿಷ, 60 ಪ್ರಶ್ನೆ. ಒಂದಕ್ಕೆ 80 ಸೆಕೆಂಡು. ಯುಪಿಎಸ್‌ಸಿ ಪ್ರಿಲಿಮ್ಸ್‌ನ ಸಾಮಾನ್ಯ ಅಧ್ಯಯನದ ಮೊದಲ ಪತ್ರಿಕೆಯಲ್ಲಿ ಎರಡು ಗಂಟೆಗೆ 100 ಪ್ರಶ್ನೆ. ಒಂದಕ್ಕೆ 72 ಸೆಕೆಂಡು. 2025ರ ನೀಟ್‌ನಲ್ಲಿ 180 ನಿಮಿಷಕ್ಕೆ 180 ಪ್ರಶ್ನೆ. ಒಂದಕ್ಕೆ ಒಂದೇ ನಿಮಿಷ. ಅರ್ಧ ಸೆಕೆಂಡು, ಒಂದು ಸೆಕೆಂಡು ಇದರಲ್ಲಿ ದೊಡ್ಡ ಮೊತ್ತವೇನಲ್ಲ. ಆದರೆ ಭೌತಶಾಸ್ತ್ರದ ಲೆಕ್ಕಕ್ಕೆ ಎರಡು ನಿಮಿಷ ಬೇಕೆಂದು ಗೊತ್ತಿರುವ ಅಭ್ಯರ್ಥಿ ಸಮಯ ಉಳಿಸಲು ನೋಡುವುದು ನೆನಪಿನಿಂದಲೇ ಉತ್ತರಿಸಬಹುದಾದ ಜೀವಶಾಸ್ತ್ರದ ಪ್ರಶ್ನೆಗಳಲ್ಲಿ. ಪ್ರಶ್ನೆಯ ಮೇಲೆ ಕಣ್ಣು ಹಾಯಿಸಿ ಆಯ್ಕೆಗಳಿಗೆ ಜಿಗಿಯುತ್ತಾನೆ. ನಿಷೇಧಕ್ಕೆ ಬೇಕಾದ ಆ ಒಂದು ಸೆಕೆಂಡು ಕತ್ತರಿಗೆ ಸಿಗುವುದು ಅಲ್ಲಿಯೇ.

ಕನ್ನಡದಲ್ಲಿ ‘ಅಲ್ಲ’ ಬಾಲದಲ್ಲಿದೆ

ಇಂಗ್ಲಿಷ್‌ನಲ್ಲಿ ‘ನಾಟ್’ ಪ್ರತ್ಯೇಕ ಪದ. ಚಿಕ್ಕ ಪದವಾದ್ದರಿಂದ ಓದುವ ಕಣ್ಣು ಅದನ್ನು ಹಾರಿಸಿ ಹೋಗುವುದುಂಟು. ಆದರೂ ಅದು ಬೇರೆಯಾಗಿ ನಿಲ್ಲುತ್ತದೆ, ದೊಡ್ಡಕ್ಷರದಲ್ಲಿ ಅಚ್ಚುಮಾಡಿದರೆ ಎದ್ದು ಕಾಣುತ್ತದೆ. ಕನ್ನಡದ ಪ್ರಶ್ನೆಪತ್ರಿಕೆ ಓದುವವರಿಗೆ ಈ ಎರಡು ಅನುಕೂಲವೂ ಇಲ್ಲ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಎಂಬ ಭೇದವಿಲ್ಲ. ನಿಷೇಧ ಬಹುಪಾಲು ಕ್ರಿಯಾಪದದೊಳಗೇ ಸೇರಿಹೋಗಿರುತ್ತದೆ.

ಈ ಜೋಡಿಗಳನ್ನು ನೋಡಿ: ಪಡೆದ, ಪಡೆಯದ. ಪಾತ್ರರಾದ, ಪಾತ್ರರಾಗದ. ಸೇರಿದ, ಸೇರದ. ಮೊದಲ ಎರಡರಲ್ಲಿ ಒಂದಕ್ಷರ ಹೆಚ್ಚಾದರೆ ಅರ್ಥ ತಿರುಗಿಬೀಳುತ್ತದೆ. ಮೂರನೆಯದರಲ್ಲಿ ಅಕ್ಷರವೂ ಹೆಚ್ಚಾಗಿಲ್ಲ, ‘ರಿ’ಯ ಗುಡಿಸು ಬಿದ್ದುಹೋಗಿದೆ, ಅಷ್ಟೆ. ‘ಈ ಗುಂಪಿಗೆ ಸೇರಿದ ಪ್ರಾಣಿ ಯಾವುದು’ ಮತ್ತು ‘ಈ ಗುಂಪಿಗೆ ಸೇರದ ಪ್ರಾಣಿ ಯಾವುದು’ ಎಂಬ ಎರಡು ಪ್ರಶ್ನೆಗೆ ಉತ್ತರ ತದ್ವಿರುದ್ಧ. ಸಣ್ಣ ಅಕ್ಷರದ, ಮಸುಕಾಗಿ ಮುದ್ರಣವಾದ ಪ್ರಶ್ನೆಪತ್ರಿಕೆಯಲ್ಲಿ ಇವೆರಡನ್ನೂ ಬೇರ್ಪಡಿಸುವುದು ಒಂದು ಗುಣಿತ ಚಿಹ್ನೆ ಮಾತ್ರ.

ಜೊತೆಗೆ ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ‘ಕೆಳಗಿನ ಹೇಳಿಕೆಗಳಲ್ಲಿ ಪಶ್ಚಿಮ ಘಟ್ಟದ ಬಗ್ಗೆ ಯಾವುದು ಸರಿಯಲ್ಲ?’ ಎಂಬ ಪ್ರಶ್ನೆಯಲ್ಲಿ ವಿಷಯವೆಲ್ಲ ಮೊದಲೇ ಮುಗಿದಿದೆ. ಏಳು ಪದದ ವಾಕ್ಯದ ಆರು ಪದ ಓದುವವರೆಗೂ ಇದು ಸಾಮಾನ್ಯ ಪ್ರಶ್ನೆಯೇ. ವಿಷಯ ಸಿಕ್ಕಿತೆಂದು ಅಲ್ಲಿಂದಲೇ ಆಯ್ಕೆಗೆ ಜಿಗಿದವರು ಬಿಟ್ಟು ಹೋಗುವುದು ಇಡೀ ಪ್ರಶ್ನೆಯನ್ನು ತಿರುವುವ ಪದವನ್ನೇ.

‘ಹೊರತುಪಡಿಸಿ’ಯ ರೀತಿ ಬೇರೆ. ‘ಕೆಳಗಿನವುಗಳಲ್ಲಿ ಒಂದನ್ನು ಹೊರತುಪಡಿಸಿ ಉಳಿದೆಲ್ಲವೂ ಕೊಬ್ಬಿನಲ್ಲಿ ಕರಗುವ ವಿಟಮಿನ್‌ಗಳು: (1) ಎ (2) ಡಿ (3) ಸಿ (4) ಕೆ’. ಇಲ್ಲಿ ನಿಷೇಧ ವಾಕ್ಯದ ನಡುವೆ ಬಂದು ಹೋಗುತ್ತದೆ. ಕೊನೆಯಲ್ಲಿ ಉಳಿಯುವುದು ‘ಕೊಬ್ಬಿನಲ್ಲಿ ಕರಗುವ ವಿಟಮಿನ್‌ಗಳು’ ಎಂಬ ಹೌದೆನ್ನುವ ಮಾತು. ಆಯ್ಕೆಗಳಿಗೆ ಹೋಗುವಾಗ ಕಿವಿಯಲ್ಲಿ ಉಳಿದಿರುವುದೂ ಅದೇ. ‘ಎ’ ಕೊಬ್ಬಿನಲ್ಲಿ ಕರಗುತ್ತದೆ, ಸರಿ, ಒಂದನೆಯದು ಉತ್ತರ! ನಿಜವಾದ ಉತ್ತರ ನೀರಿನಲ್ಲಿ ಕರಗುವ ‘ಸಿ’.

ಕಾಣದೇ ಹೋಗುವುದು ಬೇರೆ, ಕಂಡು ಕಳೆದುಕೊಳ್ಳುವುದು ಬೇರೆ

ಈ ತಪ್ಪಿನಲ್ಲಿ ಎರಡು ಬಗೆ ಇವೆ. ಒಂದು, ನಿಷೇಧ ಕಣ್ಣಿಗೇ ಬೀಳದಿರುವುದು. ಇಲ್ಲಿಯವರೆಗೆ ಹೇಳಿದ್ದು ಅದರ ಬಗ್ಗೆ. ಇನ್ನೊಂದು, ಅದನ್ನು ಕಂಡು, ಸರಿಯಾಗಿ ಅರ್ಥಮಾಡಿಕೊಂಡು, ಆಯ್ಕೆಗಳನ್ನು ಓದುತ್ತ ಹೋದ ಹಾಗೆ ಕೈತಪ್ಪಿಸಿಕೊಳ್ಳುವುದು. ಎರಡನೆಯದಕ್ಕೆ ಎಚ್ಚರಿಕೆಯಿಂದ ಓದುವವರೂ ಸಿಕ್ಕಿಬೀಳುತ್ತಾರೆ.

ಆಯ್ಕೆಗಳು ಒಂದೊಂದು ಪದವಾಗಿದ್ದರೆ ತೊಂದರೆ ಕಡಿಮೆ. ಒಂದೊಂದೂ ಎರಡು ಸಾಲಿನ ಹೇಳಿಕೆಯಾದರೆ ಮೊದಲನೆಯದನ್ನು ಓದಿ ‘ಇದು ಸರಿ, ಹಾಗಾಗಿ ಉತ್ತರ ಅಲ್ಲ’ ಎನ್ನಬೇಕು. ಎರಡನೆಯದಕ್ಕೂ ಹಾಗೆಯೇ. ಮೂರನೆಯದು ಗೊಂದಲದ್ದು, ಅದರ ಬಗ್ಗೆ ಪುಸ್ತಕದಲ್ಲಿ ಏನಿತ್ತು ಎಂದು ಇಪ್ಪತ್ತು ಸೆಕೆಂಡು ಯೋಚಿಸಬೇಕು. ಅಷ್ಟು ಹೊತ್ತಿಗೆ ವಿಷಯ ನೆನಪಿರುತ್ತದೆ, ಕೇಳಿದ್ದೇನು ಎಂಬುದು ಮರೆತಿರುತ್ತದೆ. ನಾಲ್ಕನೆಯದನ್ನು ಓದುತ್ತಿದ್ದಂತೆ ‘ಹಾಂ, ಇದು ಖಂಡಿತ ಸರಿ’ ಎನ್ನಿಸುತ್ತದೆ. ‘ಖಂಡಿತ’ ಎಂಬ ನೆಮ್ಮದಿಯಲ್ಲಿ ನಾಲ್ಕನೇ ವೃತ್ತ ತುಂಬಿಹೋಗುತ್ತದೆ.

ಸಾಮಾನ್ಯ ನಾಲ್ಕು ಆಯ್ಕೆಯ ಪ್ರಶ್ನೆಯಲ್ಲಿ ಈ ಎರಡೂ ತಪ್ಪಿಗೆ ಒಂದು ಸಹಜ ಎಚ್ಚರಿಕೆ ಇದೆ. ಎರಡು ಆಯ್ಕೆ ಸರಿ ಎಂದು ಕಂಡರೆ ಎಲ್ಲೋ ಏನೋ ಎಡವಟ್ಟಾಗಿದೆ. ‘ಕುವೆಂಪು ಸರಿ, ಬೇಂದ್ರೆಯವರೂ ಸರಿಯಲ್ಲ!’ ಎಂದು ಅನ್ನಿಸಿದವನು ಪ್ರಶ್ನೆಗೆ ವಾಪಸು ಹೋಗುತ್ತಾನೆ, ಬಚಾವಾಗುತ್ತಾನೆ. ಆದರೆ ಈ ಎಚ್ಚರಿಕೆ ಕೇಳಿಸಬೇಕಾದರೆ ಎರಡನೆಯ ಆಯ್ಕೆಯನ್ನು ಓದಿರಬೇಕು. ಮೊದಲ ಸರಿಯಲ್ಲೇ ನಿಂತವನಿಗೆ ಅದು ಕೇಳಿಸುವುದೇ ಇಲ್ಲ.

ಎಚ್ಚರಿಕೆಯೇ ಇಲ್ಲದ ಪ್ರಶ್ನೆ

ಇದಕ್ಕಿಂತ ಕಷ್ಟದ್ದು ಹೇಳಿಕೆಗಳ ಪ್ರಶ್ನೆ. ಕೆಎಎಸ್, ಯುಪಿಎಸ್‌ಸಿ ಪ್ರಿಲಿಮ್ಸ್‌ಗೆ ತಯಾರಾಗುವವರಿಗೆ ಇದು ಚಿರಪರಿಚಿತ. ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ.

‘ರಾಜ್ಯಸಭೆಯ ಬಗ್ಗೆ ಕೆಳಗಿನ ಹೇಳಿಕೆಗಳನ್ನು ಗಮನಿಸಿ:
1. ರಾಜ್ಯಸಭೆಯನ್ನು ವಿಸರ್ಜಿಸಲು ಸಾಧ್ಯವಿಲ್ಲ.
2. ಧನ ಮಸೂದೆಯನ್ನು ರಾಜ್ಯಸಭೆಯಲ್ಲಿ ಮೊದಲು ಮಂಡಿಸಬಹುದು.
3. ಉಪರಾಷ್ಟ್ರಪತಿಯವರು ರಾಜ್ಯಸಭೆಯ ಪದನಿಮಿತ್ತ ಸಭಾಪತಿ.
ಮೇಲಿನ ಹೇಳಿಕೆಗಳಲ್ಲಿ ಸರಿಯಲ್ಲದ್ದು/ಸರಿಯಲ್ಲದವು ಯಾವುವು?
(ಎ) 1 ಮತ್ತು 3 ಮಾತ್ರ (ಬಿ) 2 ಮಾತ್ರ (ಸಿ) 2 ಮತ್ತು 3 ಮಾತ್ರ (ಡಿ) 1 ಮತ್ತು 2 ಮಾತ್ರ’

ಮೊದಲ ಹೇಳಿಕೆ ಸರಿ. ರಾಜ್ಯಸಭೆ ಕಾಯಂ ಸದನ, ಸದಸ್ಯರಲ್ಲಿ ಮೂರನೇ ಒಂದು ಭಾಗದವರು ಎರಡು ವರ್ಷಕ್ಕೊಮ್ಮೆ ನಿವೃತ್ತರಾಗುತ್ತಾರೆಯೇ ಹೊರತು ಸದನ ವಿಸರ್ಜನೆಯಾಗುವುದಿಲ್ಲ. ಎರಡನೆಯದು ತಪ್ಪು. ಧನ ಮಸೂದೆಯನ್ನು ಲೋಕಸಭೆಯಲ್ಲಿ ಮಾತ್ರ ಮಂಡಿಸಬೇಕು. ಮೂರನೆಯದು ಸರಿ. ಕೇಳಿದ್ದು ಸರಿಯಲ್ಲದ್ದನ್ನು. ಉತ್ತರ (ಬಿ).

ಈಗ ಆಯ್ಕೆ (ಎ)ಯನ್ನು ನೋಡಿ. ‘1 ಮತ್ತು 3 ಮಾತ್ರ’. ಮೂರೂ ಹೇಳಿಕೆಯನ್ನು ಸರಿಯಾಗಿ ತೂಗಿ, ‘ಒಂದು ಮತ್ತು ಮೂರು ಸರಿ’ ಎಂದು ತೀರ್ಮಾನಿಸಿದ ಅಭ್ಯರ್ಥಿಗೆ ಆ ತೀರ್ಮಾನ ಆಯ್ಕೆಯ ರೂಪದಲ್ಲಿ ಕಣ್ಣೆದುರೇ ಇದೆ. ಎರಡು ಸರಿ ಉತ್ತರ ಕಂಡು ಗಾಬರಿಯಾಗುವ ಪ್ರಸಂಗವೇ ಇಲ್ಲ. ಅವನ ಲೆಕ್ಕಕ್ಕೆ ಹೊಂದುವ ಆಯ್ಕೆ ಒಂದೇ ಒಂದು, ಅದೂ ಮೊದಲನೆಯದು. ಎಲ್ಲವೂ ಸರಾಗ. ಎಚ್ಚರಿಕೆ ಸಿಗುವುದು ಫಲಿತಾಂಶ ಬಂದ ಮೇಲೆ.

ಇದರಲ್ಲಿ ಇನ್ನೂ ಒಂದು ಸಿಕ್ಕು ಇದೆ. ಮೊದಲ ಹೇಳಿಕೆಯಲ್ಲೇ ‘ಸಾಧ್ಯವಿಲ್ಲ’ ಎಂಬ ನಿಷೇಧವಿದೆ. ಪ್ರಶ್ನೆಯಲ್ಲಿ ‘ಸರಿಯಲ್ಲದ್ದು’ ಎಂಬ ಇನ್ನೊಂದು. ‘ವಿಸರ್ಜಿಸಲು ಸಾಧ್ಯವಿಲ್ಲ ಎನ್ನುವುದು ಸರಿಯಲ್ಲವೇ? ಅಲ್ಲ, ಸರಿ. ಹಾಗಾದರೆ ಇದು ಉತ್ತರದಲ್ಲಿ ಬರುವುದಿಲ್ಲ.’ ಹೀಗೆ ಒಂದರ ಮೇಲೊಂದು ‘ಇಲ್ಲ’ ಪೇರಿಸಿದಾಗ ಗಟ್ಟಿ ತಲೆಯೂ ಎಡವುತ್ತದೆ. ಇಂಥ ಪ್ರಶ್ನೆ ಅಳೆಯುವುದು ಸಂವಿಧಾನದ ತಿಳಿವಳಿಕೆಯನ್ನೋ, ನಿಷೇಧ ಬಿಡಿಸುವ ಚಾಕಚಕ್ಯತೆಯನ್ನೋ ಎಂದು ಕೇಳಿದರೆ ತಪ್ಪಲ್ಲ.

ಬೆಲೆಯೂ ಕಡಿಮೆಯದ್ದಲ್ಲ. ಸಿಇಟಿಯಲ್ಲಿ ನೆಗೆಟಿವ್ ಅಂಕ ಇಲ್ಲದ್ದರಿಂದ ಕಳೆದುಕೊಳ್ಳುವುದು ಒಂದು ಅಂಕ. ನೀಟ್‌ನಲ್ಲಿ ಬರಬೇಕಾದ ನಾಲ್ಕು ಹೋಗಿ, ಇನ್ನೊಂದು ಕಡಿತವಾಗಿ, ಒಂದು ಪ್ರಶ್ನೆಗೆ ಐದು ಅಂಕದ ವ್ಯತ್ಯಾಸ. ಯುಪಿಎಸ್‌ಸಿಯ ಸಾಮಾನ್ಯ ಅಧ್ಯಯನದಲ್ಲಿ ಎರಡು ಅಂಕದ ಜೊತೆಗೆ ಅದರ ಮೂರನೇ ಒಂದು ಭಾಗವೂ ಹೋಗುತ್ತದೆ. ಗೊತ್ತಿಲ್ಲದ ಪ್ರಶ್ನೆಯನ್ನು ಬಿಟ್ಟುಬಿಡುವ ಆಯ್ಕೆ ಅಭ್ಯರ್ಥಿಗೆ ಇರುತ್ತದೆ. ಇಲ್ಲಿ ಗೊತ್ತಿದೆ ಎಂಬ ಧೈರ್ಯದಲ್ಲೇ ತುಂಬಿರುವುದರಿಂದ ಆ ರಕ್ಷಣೆಯೂ ಇಲ್ಲ.

ಉತ್ತರಿಸುವವರು ಮಾಡಬಹುದಾದದ್ದು

‘ಗಮನವಿಟ್ಟು ಓದಿ’ ಎಂಬ ಸಲಹೆಯಿಂದ ಹೆಚ್ಚು ಪ್ರಯೋಜನವಿಲ್ಲ. ನೂರು ಪ್ರಶ್ನೆಗೂ ಒಂದೇ ತೂಕದ ಗಮನ ಯಾರಿಂದಲೂ ಆಗುವುದಿಲ್ಲ. ಮಾಡಬೇಕಾದದ್ದು ಕೈಗೆ ಒಂದು ಕೆಲಸ ಕೊಡುವುದು.

ಮೊದಲ ಕೆಲಸ ಪ್ರಶ್ನೆಯ ಕೊನೆಯ ಪದಗಳಿಗೆ ಸಂಬಂಧಿಸಿದ್ದು. ಆಯ್ಕೆಗಳಿಗೆ ಹೋಗುವ ಮುನ್ನ ಪ್ರಶ್ನಾರ್ಥಕ ಚಿಹ್ನೆಯ ಹಿಂದಿನ ಎರಡು ಮೂರು ಪದವನ್ನು ಇನ್ನೊಮ್ಮೆ ಓದಬೇಕು. ‘ಅಲ್ಲ’, ‘ಇಲ್ಲ’, ‘ತಪ್ಪಾದ’, ‘ಸೇರದ’ ಕಂಡರೆ ಪ್ರಶ್ನೆಪತ್ರಿಕೆಯಲ್ಲೇ ಅದಕ್ಕೊಂದು ಸುತ್ತು ಹಾಕಬೇಕು. ಓಎಂಆರ್ ಹಾಳೆಯ ಮೇಲೆ ಮಾತ್ರ ಇಂಥ ಯಾವ ಗುರುತೂ ಬೀಳಬಾರದು. ಪ್ರಶ್ನೆಪತ್ರಿಕೆಯ ಮೇಲೂ ಬರೆಯಬಾರದೆಂಬ ಸೂಚನೆಯಿದ್ದರೆ, ಅಥವಾ ಪರೀಕ್ಷೆ ಕಂಪ್ಯೂಟರಿನಲ್ಲಿದ್ದರೆ, ಕಚ್ಚಾ ಹಾಳೆಯಲ್ಲಿ ಪ್ರಶ್ನೆಯ ಸಂಖ್ಯೆ ಬರೆದು ಪಕ್ಕದಲ್ಲಿ ಒಂದು ಅಡ್ಡಗೆರೆ ಎಳೆದರೆ ಸಾಕು. ಕೊನೆಯ ಪದ ನೋಡುವ ಈ ಉಪಾಯಕ್ಕೆ ಸಿಗದೆ ನುಣುಚಿಕೊಳ್ಳುವುದು ‘ಹೊರತುಪಡಿಸಿ’. ಅದು ನಡುವೆ ಇರುವುದರಿಂದ ಆ ಪದವನ್ನು ಪ್ರತ್ಯೇಕವಾಗಿ ಹುಡುಕುವ ರೂಢಿ ಬೇಕು. ‘ಒಂದನ್ನು’, ‘ಉಳಿದೆಲ್ಲ’ ಎಂಬ ಪದಗಳು ಅದರ ಜೊತೆಗಾರರು, ಅವು ಕಂಡರೆ ನಿಲ್ಲಬೇಕು.

ಎರಡನೆಯದು, ಉತ್ತರ ಹುಡುಕುವುದನ್ನು ಬಿಟ್ಟು ಪ್ರತಿ ಆಯ್ಕೆಗೂ ತೀರ್ಪು ಬರೆಯುವುದು. ಸರಿ ಎಂದಾದರೆ ‘ಸ’, ತಪ್ಪಾದರೆ ‘ತ’, ಗೊತ್ತಿಲ್ಲದಿದ್ದರೆ ಚುಕ್ಕಿ. ಈ ಹಂತದಲ್ಲಿ ಪ್ರಶ್ನೆ ಏನು ಕೇಳಿದೆ ಎಂಬುದನ್ನು ತಲೆಯಲ್ಲಿ ಹೊತ್ತುಕೊಳ್ಳುವ ಅಗತ್ಯವೇ ಇಲ್ಲ. ನಾಲ್ಕೂ ಮುಗಿದಾಗ ‘ಸ, ಸ, ತ, ಸ’ ಎಂದು ಕಾಣುತ್ತದೆ. ಆಮೇಲೆ ಪ್ರಶ್ನೆಯ ಸುತ್ತು ಹಾಕಿದ ಪದವನ್ನು ನೋಡಿ ವೃತ್ತ ತುಂಬುವುದು. ರಾಜ್ಯಸಭೆಯ ಪ್ರಶ್ನೆಯಲ್ಲೂ ಹೇಳಿಕೆಗಳ ಪಕ್ಕ ‘ಸ, ತ, ಸ’ ಬರೆದು, ‘ಸರಿಯಲ್ಲದ್ದು’ ಎಂಬುದನ್ನು ಮತ್ತೆ ನೋಡಿದರೆ ‘2 ಮಾತ್ರ’ ಎಂಬುದು ತಾನಾಗಿ ಸಿಗುತ್ತದೆ. ಒಂದು ಚುಕ್ಕಿ ಉಳಿದಿದ್ದರೂ ಸಾಮಾನ್ಯ ಪ್ರಶ್ನೆಯಲ್ಲಿ ತೊಂದರೆಯಿಲ್ಲ. ಉಳಿದ ಮೂರರ ಪಕ್ಕವೂ ‘ಸ’ ಇದ್ದರೆ ಚುಕ್ಕಿಯದ್ದೇ ಉತ್ತರ.

ಇದಕ್ಕೆ ಸಮಯ ಹೆಚ್ಚು ಹಿಡಿಯುತ್ತದೆ, ನಿಜ. ಆದರೆ ಎಲ್ಲ ಪ್ರಶ್ನೆಗೂ ಮಾಡಬೇಕಿಲ್ಲ, ಸುತ್ತು ಹಾಕಿದವಕ್ಕೆ ಮಾತ್ರ.

ಮೂರನೆಯದು ಪರೀಕ್ಷೆಗೆ ಮೊದಲಿನ ಕೆಲಸ. ಅಣಕು ಪರೀಕ್ಷೆಯಲ್ಲಿ ತಪ್ಪಾದ ನಿಷೇಧದ ಪ್ರಶ್ನೆಗಳನ್ನಷ್ಟೇ ಒಂದೆಡೆ ಬರೆದುಕೊಂಡು ತಪ್ಪಿನ ಜಾತಿ ಪತ್ತೆ ಮಾಡಬೇಕು. ಆಯ್ಕೆಗಳನ್ನು ಮುಚ್ಚಿಟ್ಟು ವಿಷಯವನ್ನು ನೇರವಾಗಿ ಕೇಳಿಕೊಳ್ಳಿ: ‘ಪು.ತಿ.ನ. ಅವರಿಗೆ ಜ್ಞಾನಪೀಠ ಬಂದಿದೆಯೇ?’ ತಕ್ಷಣ ಸರಿಯುತ್ತರ ಬಂದರೆ ಕೊರತೆ ಓದಿನದ್ದಲ್ಲ, ಪ್ರಶ್ನೆ ಓದಿದ ರೀತಿಯದ್ದು. ಮೊದಲ ಸರಿ ಆಯ್ಕೆಗೇ ಗುರುತು ಹಾಕಿದ್ದರೆ ನಿಷೇಧ ಕಣ್ಣಿಗೆ ಬಿದ್ದಿರಲಿಲ್ಲ ಎನ್ನಬಹುದು, ಸುತ್ತು ಹಾಕುವ ರೂಢಿ ಮದ್ದು. ಮೂರನೆಯದೋ ನಾಲ್ಕನೆಯದೋ ಸರಿ ಆಯ್ಕೆಗೆ ಹಾಕಿದ್ದರೆ ಕಂಡು ಕಳೆದುಕೊಂಡಿರುವ ಸಾಧ್ಯತೆ ಹೆಚ್ಚು, ‘ಸ’ ‘ತ’ ಬರೆಯುವುದು ಮದ್ದು. ವಿಷಯವೇ ಗೊತ್ತಿರಲಿಲ್ಲ ಎಂದಾದರೆ ಈ ಯಾವ ಉಪಾಯದಿಂದಲೂ ಲಾಭವಿಲ್ಲ, ಪುಸ್ತಕಕ್ಕೆ ಮರಳಬೇಕು.

ಪ್ರಶ್ನೆ ಬರೆಯುವವರ ಪಾಲು

ಎಲ್ಲ ಹೊಣೆಯನ್ನೂ ಅಭ್ಯರ್ಥಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ಇಂಥ ಪ್ರಶ್ನೆಗಳು ಇಷ್ಟೊಂದು ಬರಲು ಮುಖ್ಯ ಕಾರಣ ಅವನ್ನು ಬರೆಯುವುದು ಸುಲಭ. ಸಾಮಾನ್ಯ ಪ್ರಶ್ನೆಗೆ ಒಂದು ಸರಿಯುತ್ತರದ ಜೊತೆ ನಂಬುವಂಥ ಮೂರು ತಪ್ಪು ಆಯ್ಕೆಗಳನ್ನು ಹೆಣೆಯಬೇಕು, ಅದು ಶ್ರಮದ ಕೆಲಸ. ‘ಯಾವುದು ಸರಿಯಲ್ಲ’ ಎಂದು ಕೇಳಿದರೆ ಪಠ್ಯಪುಸ್ತಕದ ಮೂರು ಸಾಲನ್ನು ಹಾಗೆಯೇ ಎತ್ತಿಟ್ಟು, ನಾಲ್ಕನೆಯದನ್ನು ಕೆಡಿಸಿದರೆ ಆಯಿತು.

ಪರೀಕ್ಷಾ ಶಾಸ್ತ್ರದವರು ಇದನ್ನು ಒಪ್ಪುವುದಿಲ್ಲ. ಥಾಮಸ್ ಹಲಡೈನಾ, ಸ್ಟೀವನ್ ಡೌನಿಂಗ್ ಮತ್ತು ಮೈಕೆಲ್ ರಾಡ್ರಿಗ್ಸ್ 2002ರಲ್ಲಿ ಬಹುಆಯ್ಕೆ ಪ್ರಶ್ನೆಗಳ ರಚನೆಗೆ 31 ಸೂತ್ರಗಳನ್ನು ಪಟ್ಟಿಮಾಡಿದರು. ಪ್ರಶ್ನೆ ಹೌದೆನ್ನುವ ರೂಪದಲ್ಲಿರಲಿ, ನಿಷೇಧವನ್ನು ತಪ್ಪಿಸಿ, ಬಳಸಲೇಬೇಕಾದರೆ ಆ ಪದ ದೊಡ್ಡಕ್ಷರದಲ್ಲಿ, ದಪ್ಪಗೆ ಅಚ್ಚಾಗಿರಲಿ ಎಂಬುದು ಅದರಲ್ಲೊಂದು. ಇಂಥ ಪ್ರಶ್ನೆಗಳ ಬಗೆಗಿನ ಒಂದು ಆಕ್ಷೇಪವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, ಯಾವುದು ಅಲ್ಲ ಎಂದು ಗೊತ್ತಿದ್ದ ಮಾತ್ರಕ್ಕೆ ಯಾವುದು ಹೌದು ಎಂದು ಗೊತ್ತಿದೆ ಎಂದಾಗುವುದಿಲ್ಲ.

ಎಷ್ಟೋ ಸಲ ಒಂದು ಸಾಲು ತಿದ್ದಿದರೆ ಪ್ರಶ್ನೆ ನೇರವಾಗುತ್ತದೆ. ‘ಕೆಳಗಿನ ಯಾವ ನದಿ ಅರಬ್ಬೀ ಸಮುದ್ರವನ್ನು ಸೇರುವುದಿಲ್ಲ? ಶರಾವತಿ, ಕಾಳಿ, ನೇತ್ರಾವತಿ, ತುಂಗಭದ್ರಾ.’ ಇದನ್ನೇ ‘ಕೆಳಗಿನ ಯಾವ ನದಿಯ ನೀರು ಕೊನೆಗೆ ಬಂಗಾಳ ಕೊಲ್ಲಿಗೆ ಹೋಗುತ್ತದೆ?’ ಎಂದು ಕೇಳಬಹುದು. ಆಯ್ಕೆಗಳು ಅವೇ ನಾಲ್ಕು, ಉತ್ತರವೂ ಅದೇ ತುಂಗಭದ್ರಾ. ಎರಡನೆಯ ರೂಪದಲ್ಲಿ ತಪ್ಪು ಮಾಡುವವನು ಭೂಗೋಳ ಗೊತ್ತಿಲ್ಲದವನು ಮಾತ್ರ. ಅದನ್ನು ತಿಳಿಯಲೆಂದೇ ಅಲ್ಲವೇ ಪರೀಕ್ಷೆ ನಡೆಸುವುದು?

ನಿಷೇಧ ಬೇಕೇ ಬೇಕಾದ ಸಂದರ್ಭಗಳೂ ಇವೆ. ‘ಹಾವು ಕಚ್ಚಿದವರಿಗೆ ಪ್ರಥಮ ಚಿಕಿತ್ಸೆ ನೀಡುವಾಗ ಯಾವುದನ್ನು ಮಾಡಬಾರದು?’ ಎಂಬ ಪ್ರಶ್ನೆಯನ್ನು ತಿರುಗಿಸಿ ಬರೆಯಬೇಕಿಲ್ಲ. ಗಾಯ ಕೊಯ್ಯಬಾರದು, ಬಿಗಿಯಾಗಿ ಕಟ್ಟಬಾರದು ಎಂಬ ‘ಬಾರದು’ಗಳೇ ಅಲ್ಲಿ ಕಲಿಯಬೇಕಾದ ವಿಷಯ. ನಿಷೇಧವೇ ತಿಳಿವಳಿಕೆಯ ತಿರುಳಾಗಿದ್ದರೆ ಅದು ಪ್ರಶ್ನೆಯಲ್ಲಿರಲಿ. ಬರೆಯುವವರ ಅನುಕೂಲಕ್ಕೆ ಬಂದದ್ದಾದರೆ ಬೇಡ.

ನಮ್ಮ ರಾಜ್ಯದಲ್ಲಿ ಇದಕ್ಕೆ ಅನುವಾದದ ಪ್ರಶ್ನೆಯೂ ತಳುಕು ಹಾಕಿಕೊಂಡಿದೆ. 2024ರ ಆಗಸ್ಟ್ 27ರಂದು ನಡೆದ ಕೆಎಎಸ್ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳಲ್ಲಿ ಅನುವಾದದ ದೋಷಗಳು ಕಂಡುಬಂದು, ಅದೇ ವರ್ಷ ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಸಬೇಕಾಯಿತು. ಇಂಗ್ಲಿಷ್‌ನಿಂದ ಕನ್ನಡಕ್ಕೆ ತರುವಾಗ ಒಂದು ನಾಮಪದ ಕೆಟ್ಟರೆ ಅಭ್ಯರ್ಥಿ ಹೇಗೋ ಊಹಿಸಿಕೊಳ್ಳುತ್ತಾನೆ. ‘ಸೇರದ’ ಎಂಬುದು ‘ಸೇರಿದ’ ಎಂದು ಅಚ್ಚಾದರೆ ಊಹಿಸುವ ದಾರಿಯೇ ಇಲ್ಲ, ಏಕೆಂದರೆ ವಾಕ್ಯ ವ್ಯಾಕರಣದ ಪ್ರಕಾರ ಸರಿಯಾಗಿಯೇ ಇರುತ್ತದೆ. ಕರಡು ತಿದ್ದುವವರು ಇಂಗ್ಲಿಷ್ ಪ್ರತಿಯಲ್ಲಿ ‘ನಾಟ್’, ‘ಎಕ್ಸೆಪ್ಟ್’ ಎಲ್ಲೆಲ್ಲಿವೆ ಎಂದು ಮೊದಲು ಪಟ್ಟಿಮಾಡಿಕೊಂಡು, ಕನ್ನಡದ ಪ್ರತಿಯಲ್ಲಿ ಒಂದೊಂದನ್ನೂ ಬೆರಳಿಟ್ಟು ನೋಡಬೇಕು.

ಪರೀಕ್ಷಾ ಮಂಡಳಿಗಳು ಮಾಡಬೇಕಾದದ್ದು ದುಬಾರಿಯದ್ದೇನಲ್ಲ. ನಿಷೇಧದ ಪದವನ್ನು ಕನ್ನಡ ಪ್ರತಿಯಲ್ಲೂ ದಪ್ಪಗೆ ಅಚ್ಚುಮಾಡಿ, ಅಡಿಗೆರೆ ಎಳೆಯಲಿ. ‘ಸೇರದ’ ಎನ್ನುವಲ್ಲಿ ‘ಸೇರಿಲ್ಲದ’ ಎಂದೋ, ‘ಯಾವುದು ಸೇರುವುದಿಲ್ಲ’ ಎಂದೋ, ಕಣ್ಣಿಗೆ ತಪ್ಪದಂತೆ ಬರೆಯಲಿ. ಪ್ರಶ್ನೆಯಲ್ಲಿ ನಿಷೇಧವಿದ್ದರೆ ಆಯ್ಕೆಯಲ್ಲಿ ಇನ್ನೊಂದು ನಿಷೇಧ ಬೇಡ. ಸಾಧ್ಯವಾದರೆ ಇಂಥ ಪ್ರಶ್ನೆಗಳನ್ನೆಲ್ಲ ಒಂದೆಡೆ ಸೇರಿಸಿ, ಮೇಲೆ ಒಂದು ಸಾಲಿನ ಸೂಚನೆ ಕೊಡಲಿ. ಅಲ್ಲಿಯವರೆಗೆ ಅಭ್ಯರ್ಥಿಗಳು ಪೆನ್ನು ಹಿಡಿದ ಕೈಗೆ ಒಂದು ನಿಯಮ ಕಲಿಸಿಕೊಳ್ಳುವುದು ಒಳ್ಳೆಯದು: ಪ್ರಶ್ನೆಯ ಕೊನೆಯ ಪದವನ್ನು ಎರಡನೇ ಸಲ ನೋಡದೆ ಯಾವ ವೃತ್ತವನ್ನೂ ತುಂಬಬೇಡಿ.